ಹಳೆಯ ಸಾಹುಕಾರರಿಂದ ಅನುಭವ ಪತ್ರ: ಸುಳ್ಳು ತಿಂಗಳುಗಳು ಎಲ್ಲಿ ಸಿಕ್ಕಿಬೀಳುತ್ತವೆ, ಮಾಡಿದ ಕೆಲಸವನ್ನು ಹೇಗೆ ತೋರಿಸಬೇಕು

ದಾವಣಗೆರೆಯ ಅಂಗಡಿ, ಗೋದಾಮು ಮತ್ತು ಸಣ್ಣ ಕಾರ್ಖಾನೆಗಳಿಗೆ ಸಂಬಳದ ಲೆಕ್ಕ, ಪಿಎಫ್ ಮತ್ತು ಇಎಸ್‌ಐ ಕಾಗದಪತ್ರಗಳನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ಕೆಲಸ ಬಿಟ್ಟುಹೋದ ಹುಡುಗರು ವರ್ಷಗಳ ನಂತರ ನನ್ನ ಬಳಿ ಬರುವುದು ಹೆಚ್ಚಾಗಿ ಒಂದೇ ಕೋರಿಕೆಯೊಂದಿಗೆ: "ಅಣ್ಣಾರೆ, ಸಾಹುಕಾರ್ರಿಗೆ ಒಂದು ಮಾತು ಹೇಳಿ, ಒಂದು ವರ್ಷ ಹೆಚ್ಚಿಗೆ ಹಾಕಿ ಲೆಟರ್ ಕೊಡಿಸ್ರಿ." ಕೇಳುವವರು ಮೋಸಗಾರರಲ್ಲ. ಅವರಲ್ಲಿ ಬಹುಪಾಲು ಜನ ನಿಜವಾಗಿ ದುಡಿದವರು. ನಗದು ಸಂಬಳ ಪಡೆದು, ನೇಮಕಾತಿ ಪತ್ರವಿಲ್ಲದೆ, ಹಾಜರಿ ಪುಸ್ತಕವೂ ಇಲ್ಲದ ಕಡೆ ದುಡಿದವರು. ದುಡಿದದ್ದಕ್ಕೆ ದಾಖಲೆ ಇಲ್ಲವೆಂಬ ಸಂಕಟದಿಂದಲೇ ಅವರು ದುಡಿಯದ ತಿಂಗಳುಗಳನ್ನೂ ಸೇರಿಸಿ ಬರೆಸಿಕೊಳ್ಳಲು ಮನಸ್ಸು ಮಾಡುತ್ತಾರೆ. ಆದ್ದರಿಂದ ದುಡ್ಡು ಕೊಟ್ಟು ಕೊಳ್ಳುವ ಪತ್ರಕ್ಕಿಂತ, ನಿಜವಾದ ಮಾಲೀಕರು ಪ್ರೀತಿಯಿಂದ, ಸ್ವಂತ ಸಹಿ ಹಾಕಿ ಕೊಡುವ ಸುಳ್ಳು ಪತ್ರದ ಬಗ್ಗೆಯೇ ಇಲ್ಲಿ ಹೆಚ್ಚು ಬರೆದಿದ್ದೇನೆ. ಅದು ಸುರಕ್ಷಿತವೆಂದು ಬಹಳ ಜನ ನಂಬಿದ್ದಾರೆ, ಆ ನಂಬಿಕೆ ತಪ್ಪು.

ಎಂಟು ತಿಂಗಳು ಸೇರಿಸಿದ ಒಂದು ಪತ್ರ

ಹರಿಹರದ ಕಡೆಯ ಒಬ್ಬ ಹುಡುಗ ಬಿ.ಕಾಂ. ಮುಗಿಸಿ 2019ರ ಜೂನ್ 10ರಂದು ಮಂಡಿಪೇಟೆಯ ಒಂದು ಸಗಟು ಅಂಗಡಿಗೆ ಲೆಕ್ಕ ಬರೆಯಲು ಸೇರಿದ. ಅಲ್ಲಿ ಇದ್ದದ್ದು ಆರು ಜನ, ಸಂಬಳ ನಗದು. 2021ರ ಸೆಪ್ಟೆಂಬರ್ 18ಕ್ಕೆ ಬಿಟ್ಟು, ಅಕ್ಟೋಬರ್ 4ರಂದು ಪಿಎಫ್ ಇದ್ದ ಒಂದು ವಾಹನ ಬಿಡಿಭಾಗಗಳ ಸಂಸ್ಥೆಗೆ ಸೇರಿ, 2022ರ ನವೆಂಬರ್ 30ರವರೆಗೆ ಅಲ್ಲಿದ್ದ. ಮೊದಲನೆಯದು ಎರಡು ವರ್ಷ ಮೂರು ತಿಂಗಳು, ಎರಡನೆಯದು ಹತ್ತಿರಹತ್ತಿರ ಒಂದು ವರ್ಷ ಎರಡು ತಿಂಗಳು. ಒಟ್ಟು ಮೂರು ವರ್ಷ ಐದು ತಿಂಗಳು. ಬೆಂಗಳೂರಿನ ಒಂದು ಕಂಪನಿ ಕೇಳಿದ್ದು ನಾಲ್ಕು ವರ್ಷ.

ಅವನು ಹಳೆಯ ಅಂಗಡಿಗೆ ಹೋಗಿ ಸಾಹುಕಾರರನ್ನು ಕೇಳಿಕೊಂಡ. ಒಳ್ಳೆಯ ಮನುಷ್ಯರು, ಹುಡುಗನ ಭವಿಷ್ಯ ಎಂದುಕೊಂಡು 2018ರ ಅಕ್ಟೋಬರ್‌ನಿಂದಲೇ ಕೆಲಸದಲ್ಲಿದ್ದನೆಂದು ಬರೆಸಿ, ಪತ್ರಕ್ಕೆ 2021ರ ಸೆಪ್ಟೆಂಬರ್ ತಾರೀಖು ಹಾಕಿ, ಸಹಿ ಮಾಡಿ ಸೀಲು ಒತ್ತಿಕೊಟ್ಟರು. 2023ರ ಜನವರಿಯಲ್ಲಿ ಅವನು ಕೆಲಸಕ್ಕೆ ಸೇರಿದ. ಕಂಪನಿಯು ಅಭ್ಯರ್ಥಿಗಳ ಹಿನ್ನೆಲೆ ಪರಿಶೀಲಿಸುವ ಕೆಲಸವನ್ನು ಇನ್ನೊಂದು ಸಂಸ್ಥೆಗೆ ವಹಿಸಿತ್ತು, ಅದರ ವರದಿ ಬಂದದ್ದು ಮಾರ್ಚ್‌ನಲ್ಲಿ.

ಸಿಕ್ಕಿಬಿದ್ದದ್ದು ಎರಡು ಕಡೆ. ಅವನೇ ಕೊಟ್ಟಿದ್ದ ಅಂಕಪಟ್ಟಿಗಳ ಪ್ರಕಾರ 2018ರ ಅಕ್ಟೋಬರ್‌ನಿಂದ 2019ರ ಮೇ ತನಕ ಅವನು ಐದನೆಯ ಮತ್ತು ಆರನೆಯ ಸೆಮಿಸ್ಟರ್‌ನ ಹಗಲು ಕಾಲೇಜಿನ ವಿದ್ಯಾರ್ಥಿ; ಅದೇ ಅವಧಿಯಲ್ಲಿ ಪೂರ್ಣಾವಧಿ ನೌಕರ ಎಂದು ಪತ್ರ ಹೇಳುತ್ತಿತ್ತು. ಅನುಮಾನ ಬಂದ ಪರಿಶೀಲಕರು ಅಂಗಡಿಯ ದೂರವಾಣಿಗೆ ಕರೆ ಮಾಡಿದರು. ಸಾಹುಕಾರರು ಊರಲ್ಲಿರಲಿಲ್ಲ, ಫೋನ್ ಎತ್ತಿದ ಹಿರಿಯ ಗುಮಾಸ್ತರಿಗೆ ಪತ್ರದ ವಿಷಯವೇ ಗೊತ್ತಿರಲಿಲ್ಲ. ಕೇಳಿದ್ದಕ್ಕೆ ಅವರು ನೆನಪಿದ್ದಂತೆ ಹೇಳಿದರು: "ಆ ಹುಡುಗ ಬಂದಿದ್ದು ಕಾಲೇಜು ಮುಗಿಸಿದ ಮೇಲೆ, ಕೊರೋನಾ ಬರೋ ಹಿಂದಿನ ವರ್ಷ, ಕಾರ ಹುಣ್ಣಿಮೆ ಹೊತ್ತಿಗೆ." ಮಾರ್ಚ್ 20ರಂದು ಅವನನ್ನು ಕೆಲಸದಿಂದ ತೆಗೆದುಹಾಕಲಾಯಿತು.

ಪರಿಣಾಮ ನಿಲ್ಲುವುದು ಎಲ್ಲಿಯೂ ಅಲ್ಲ

ಕೆಲಸ ಹೋಯಿತು ಎಂಬುದು ಮೊದಲ ಪರಿಣಾಮ ಮಾತ್ರ. ನೇಮಕಾತಿ ಪತ್ರದಲ್ಲಿ, ಕೊಟ್ಟ ಮಾಹಿತಿ ಸುಳ್ಳೆಂದು ತಿಳಿದರೆ ಯಾವ ಸಮಯದಲ್ಲಾದರೂ ಸೇವೆಯಿಂದ ತೆಗೆಯಬಹುದೆಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ, ನಾವು ಅದರ ಕೆಳಗೆ ಸಹಿ ಹಾಕಿರುತ್ತೇವೆ. ಐದು ವರ್ಷ ಚೆನ್ನಾಗಿ ಕೆಲಸ ಮಾಡಿದ ನಂತರವೂ ಆ ಷರತ್ತು ಜೀವಂತವಾಗಿಯೇ ಇರುತ್ತದೆ. ಕಂಪನಿ ಕೈಬದಲಾದಾಗಲೋ ಬಡ್ತಿಯ ಸಮಯದಲ್ಲೋ ಹಳೆಯ ಕಡತ ಮತ್ತೆ ಪರಿಶೀಲನೆಗೆ ಬರಬಹುದು.

ಎರಡನೆಯದು ಹೆಚ್ಚು ನೋವಿನದು, ಮತ್ತು ಇದನ್ನು ಯಾರೂ ಮುಂಚಿತವಾಗಿ ಯೋಚಿಸುವುದಿಲ್ಲ. ಆ ಹುಡುಗನ ಜನವರಿಯಿಂದ ಮಾರ್ಚ್‌ವರೆಗಿನ ಪಿಎಫ್ ವಂತಿಗೆ ಅವನ ಯುಎಎನ್ ಖಾತೆಗೆ ಜಮೆಯಾಗಿದೆ. ಹನ್ನೆರಡು ಅಂಕಿಯ ಆ ಸಂಖ್ಯೆ ಜೀವನಪೂರ್ತಿ ಒಂದೇ. ಮುಂದೆ ಯಾವುದೇ ಉದ್ಯೋಗದಾತರು ಅವನ ಸೇವಾ ಇತಿಹಾಸ ನೋಡಿದರೆ ಆ ಮೂರು ತಿಂಗಳು ಕಾಣುತ್ತದೆ, "ಅಲ್ಲಿಂದ ಯಾಕೆ ಬಿಟ್ಟಿರಿ?" ಎಂಬ ಪ್ರಶ್ನೆ ಬರುತ್ತದೆ. ಆ ಕಂಪನಿಯನ್ನೇ ಅರ್ಜಿಯಲ್ಲಿ ಬಿಟ್ಟುಬಿಟ್ಟರೆ ಅದು ಎರಡನೆಯ ಸುಳ್ಳಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಸೇರಿಸಿದ ಎಂಟು ತಿಂಗಳು ಸುಳ್ಳೆಂದು ತಿಳಿದ ಕ್ಷಣದಿಂದ ಅದೇ ಪತ್ರದಲ್ಲಿದ್ದ ನಿಜವಾದ ಎರಡು ವರ್ಷ ಮೂರು ತಿಂಗಳನ್ನೂ ಯಾರೂ ನಂಬಲಿಲ್ಲ.

ಕಾನೂನಿನ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಂ ವಂಚನೆಗೆ, 336ನೆಯದು ದಾಖಲೆಯ ನಕಲಿ ಸೃಷ್ಟಿಗೆ, 340ನೆಯದು ನಕಲಿ ಎಂದು ಗೊತ್ತಿದ್ದೂ ಆ ದಾಖಲೆಯನ್ನು ಅಸಲಿಯಂತೆ ಬಳಸುವುದಕ್ಕೆ ಸಂಬಂಧಿಸಿವೆ. ವಂಚಿಸುವ ಉದ್ದೇಶದಿಂದ ನಕಲಿ ದಾಖಲೆ ಸೃಷ್ಟಿಸಿದರೆ ಏಳು ವರ್ಷಗಳವರೆಗೆ ಶಿಕ್ಷೆಗೆ ಅವಕಾಶವಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಬೇರೆಯವರ ಲೆಟರ್‌ಹೆಡ್, ಸೀಲು, ಸಹಿಗಳನ್ನು ತಯಾರಿಸಿಕೊಂಡರೆ ಅದು ನೇರವಾಗಿ ನಕಲಿ ಸೃಷ್ಟಿ. ಮಾಲೀಕರು ತಾವೇ ಸಹಿ ಮಾಡಿದ ಪತ್ರದಲ್ಲಿ ವಿಷಯ ಸುಳ್ಳಾಗಿದ್ದರೆ, ಸಹಿ ಅಸಲಿಯೇ ಆದ್ದರಿಂದ ಅದು ನಕಲಿ ಸೃಷ್ಟಿಯಲ್ಲವೆಂದು ವಾದಿಸಲು ವಕೀಲರಿಗೆ ಜಾಗವಿದೆ. ಆದರೆ ಆ ಪತ್ರ ತೋರಿಸಿ ಕೆಲಸ ಮತ್ತು ಸಂಬಳ ಪಡೆದದ್ದು ವಂಚನೆಯ ಆರೋಪಕ್ಕೆ ಸಾಕಾಗುತ್ತದೆ, ಮತ್ತು ಗೊತ್ತಿದ್ದೇ ಬರೆದುಕೊಟ್ಟ ಸಾಹುಕಾರರು ಅದಕ್ಕೆ ನೆರವಾದವರಾಗುತ್ತಾರೆ. ಖಾಸಗಿ ಕಂಪನಿಗಳು ಬಹುತೇಕ ಪೊಲೀಸರವರೆಗೆ ಹೋಗದೆ ಕೆಲಸದಿಂದ ತೆಗೆದು ಸುಮ್ಮನಾಗುತ್ತವೆ ಎಂಬುದು ನನ್ನ ಅನುಭವ. ಸರ್ಕಾರಿ ನೇಮಕಾತಿಯಲ್ಲಿ ಆ ಉದಾಸೀನವನ್ನು ನಿರೀಕ್ಷಿಸಬಾರದು.

ನಕಲಿ ಪತ್ರ ತನ್ನನ್ನು ತಾನೇ ಹೇಗೆ ಬಿಟ್ಟುಕೊಡುತ್ತದೆ

ಹಿಂದಿನ ತಾರೀಖು ಹಾಕಿ ಇಂದು ತಯಾರಿಸಿದ ಪತ್ರದಲ್ಲಿ ಇಂದಿನ ಗುರುತು ಉಳಿಯುತ್ತದೆ. 2019ರ ತಾರೀಖಿನ ಒಂದು ಪತ್ರ ನನ್ನ ಕೈಗೆ ಬಂದಿತ್ತು. ವಿಳಾಸದಲ್ಲಿ "ಹರಪನಹಳ್ಳಿ, ವಿಜಯನಗರ ಜಿಲ್ಲೆ" ಎಂದಿತ್ತು. ಹರಪನಹಳ್ಳಿ ಮೊದಲು ನಮ್ಮ ದಾವಣಗೆರೆ ಜಿಲ್ಲೆಯಲ್ಲಿತ್ತು, ನಂತರ ಬಳ್ಳಾರಿಗೆ ಸೇರಿತು. ವಿಜಯನಗರ ಜಿಲ್ಲೆ ಹುಟ್ಟಿದ್ದೇ 2021ರಲ್ಲಿ. ಹಾಗೆಯೇ 2016ರ ಪತ್ರದ ತಲೆಯಲ್ಲಿ 29ರಿಂದ ಶುರುವಾಗುವ ಜಿಎಸ್‌ಟಿ ಸಂಖ್ಯೆ ಅಚ್ಚಾಗಿರುವುದನ್ನೂ ನೋಡಿದ್ದೇನೆ. ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು.

"ಪಿಎಫ್ ಸಮೇತ ಅನುಭವ ಕೊಡಿಸುತ್ತೇವೆ" ಎನ್ನುವ ಕನ್ಸಲ್ಟೆನ್ಸಿಗಳ ಬಗ್ಗೆಯೂ ಒಂದು ಮಾತು. ಅವರು ಹಿಂದಿನ ತಿಂಗಳುಗಳ ವಂತಿಗೆಯನ್ನು ಒಟ್ಟಿಗೆ ಕಟ್ಟುತ್ತಾರೆ. ಪಿಎಫ್ ಪಾಸ್‌ಬುಕ್‌ನಲ್ಲಿ ಯಾವ ತಿಂಗಳ ವಂತಿಗೆ ಎಂಬುದರ ಜೊತೆಗೆ ಜಮೆಯಾದ ದಿನಾಂಕವೂ ಇರುತ್ತದೆ. ಹದಿನೆಂಟು ತಿಂಗಳ ಹಣ ಒಂದೇ ವಾರದಲ್ಲಿ ಬಂದಿದ್ದರೆ ನೋಡುವವರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಪತ್ರ ಕೊಟ್ಟ ಕಂಪನಿ ಯಾವಾಗ ನೋಂದಣಿಯಾಯಿತು, ಈಗ ಚಾಲ್ತಿಯಲ್ಲಿದೆಯೇ ಎಂಬುದನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಮೊದಲ ಹೆಜ್ಜೆ: ನಿಮ್ಮ ಕಾಲರೇಖೆಯನ್ನು ನೀವೇ ಬರೆಯಿರಿ

ಒಂದು ಹಾಳೆಯಲ್ಲಿ ಕಾಲೇಜು ಮುಗಿದ ದಿನದಿಂದ ಇಂದಿನವರೆಗೆ ತಿಂಗಳು ತಿಂಗಳು ಬರೆಯಿರಿ. ಎಲ್ಲಿದ್ದಿರಿ, ಏನು ಕೆಲಸ, ಸಂಬಳ ನಗದೋ ಬ್ಯಾಂಕೋ, ಪಿಎಫ್ ಇತ್ತೋ ಇಲ್ಲವೋ. ಮನೆಯಲ್ಲಿ ಸುಮ್ಮನಿದ್ದ ತಿಂಗಳುಗಳನ್ನೂ ಬರೆಯಿರಿ. ನೆನಪು ಮೋಸ ಮಾಡುವುದರಿಂದ ಒಂದೊಂದು ತಾರೀಖಿಗೂ ಆಧಾರ ಹುಡುಕಿ: ಸೇರಿದ ದಿನ ಮನೆಯವರಿಗೆ ಕಳುಹಿಸಿದ ವಾಟ್ಸ್‌ಆ್ಯಪ್ ಸಂದೇಶ, ಬಸ್ ಪಾಸ್, ಮೊದಲ ಸಂಬಳ ಬ್ಯಾಂಕಿಗೆ ಕಟ್ಟಿದ ದಿನ. ಆ ಹುಡುಗನಿಗೆ ನಾನು ಹೀಗೆ ಬರೆಸಿದಾಗ, ಎರಡು ಕೆಲಸಗಳ ನಡುವೆ ಹದಿನೈದು ದಿನ ಖಾಲಿ ಇದ್ದದ್ದು ಅವನಿಗೇ ಮರೆತಿತ್ತು. ಹದಿನೈದು ದಿನ ಖಾಲಿ ಇದ್ದರೆ ಏನೂ ಆಗುವುದಿಲ್ಲ, ಅದನ್ನು ಮುಚ್ಚಲು ತಾರೀಖು ಎಳೆದರೆ ತೊಂದರೆ ಆರಂಭವಾಗುತ್ತದೆ.

ಎರಡನೆಯ ಹೆಜ್ಜೆ: ಪಿಎಫ್ ದಾಖಲೆಯನ್ನು ನೀವೇ ಮೊದಲು ನೋಡಿ

ಪಿಎಫ್ ಸದಸ್ಯರ ಜಾಲತಾಣದಲ್ಲಿ ಯುಎಎನ್ ಮತ್ತು ಪಾಸ್‌ವರ್ಡ್ ಹಾಕಿ ಒಳಹೋದ ಮೇಲೆ View ಎಂಬಲ್ಲಿ Service History ಎಂದಿರುತ್ತದೆ. ಪ್ರತಿಯೊಂದು ಸಂಸ್ಥೆಯ ಹೆಸರು, ನೀವು ಸೇರಿದ ದಿನ, ಬಿಟ್ಟ ದಿನ ಅಲ್ಲಿ ಕಾಣುತ್ತವೆ. ಪರಿಶೀಲಕರು ನೋಡುವುದೂ ಇದನ್ನೇ, ಆದ್ದರಿಂದ ನಿಮ್ಮ ಅರ್ಜಿಯ ತಾರೀಖುಗಳು ಇದಕ್ಕೆ ಹೊಂದಬೇಕು. ಇಲ್ಲಿ ಹೆಚ್ಚಾಗಿ ಕಾಣುವ ದೋಷವೆಂದರೆ ಹಳೆಯ ಸಂಸ್ಥೆಯವರು ನೀವು ಬಿಟ್ಟ ದಿನವನ್ನು ನಮೂದಿಸದೆ ಬಿಟ್ಟಿರುವುದು. ಆಗ ನೀವು ಏಕಕಾಲದಲ್ಲಿ ಎರಡು ಕಡೆ ಕೆಲಸ ಮಾಡುತ್ತಿದ್ದಂತೆ ತೋರುತ್ತದೆ. ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ನಂತರ Manage ಎಂಬಲ್ಲಿರುವ Mark Exit ಮೂಲಕ, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಹಾಕಿ ನೀವೇ ಅದನ್ನು ನಮೂದಿಸಬಹುದು. ಸಂಬಳ ಹಾಕಿದ ಕೊನೆಯ ತಿಂಗಳಲ್ಲಿ ನಿಜವಾಗಿ ಬಿಟ್ಟ ದಿನವನ್ನೇ ಹಾಕಿ.

ಪಿಎಫ್ ಇಲ್ಲದಿರುವುದು ಸುಳ್ಳಿನ ಲಕ್ಷಣವಲ್ಲ. ಪಿಎಫ್ ಕಾನೂನು ಸಾಮಾನ್ಯವಾಗಿ ಇಪ್ಪತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ ಅನ್ವಯಿಸುತ್ತದೆ, ಇಎಸ್‌ಐ ಹತ್ತು ಜನರಿಂದ. ಆರು ಜನರ ಮಂಡಿಪೇಟೆ ಅಂಗಡಿಯಲ್ಲಿ ಎರಡೂ ಇರುವುದಿಲ್ಲ. ಸಂದರ್ಶನದಲ್ಲಿ ಈ ವಾಕ್ಯವನ್ನು ಹೀಗೆಯೇ ಹೇಳಿ, ಸಂಕೋಚ ಬೇಡ. ಹಾಗೆಯೇ ಸಂಬಳ ಕಡಿಮೆಯಿದ್ದು ತೆರಿಗೆ ಕಡಿತವಾಗಿರದಿದ್ದರೆ ಆದಾಯ ತೆರಿಗೆಯ 26ಎಎಸ್ ನಮೂನೆಯಲ್ಲಿ ನಿಮ್ಮ ಮಾಲೀಕರ ಹೆಸರು ಬರುವುದಿಲ್ಲ. ಕಡಿತವಾಗಿದ್ದರೆ ಮಾತ್ರ ಅದು ಬಲವಾದ ಸಾಕ್ಷಿ.

ಮೂರನೆಯ ಹೆಜ್ಜೆ: ನಗದು ಸಂಬಳದ ಕೆಲಸಕ್ಕೆ ಜಾಡು ಹುಡುಕುವುದು

ಹೆಚ್ಚು ಶ್ರಮ ಬೇಡುವುದು ಇದೇ. ನಗದು ತೆಗೆದುಕೊಂಡರೂ ಕೆಲಸ ಬೇರೆಯವರ ಕಾಗದದಲ್ಲಿ ಗುರುತು ಬಿಟ್ಟಿರುತ್ತದೆ. ಆ ಹುಡುಗನ ವಿಷಯದಲ್ಲಿ ನಾವು ಕೂತು ಹುಡುಕಿದಾಗ ಸಿಕ್ಕಿದ್ದು ಇಷ್ಟು: ಅಂಗಡಿಯ ಲೆಕ್ಕಪರಿಶೋಧಕರ ಕಚೇರಿಗೆ ಪ್ರತಿ ತಿಂಗಳೂ ಜಿಎಸ್‌ಟಿ ವಿವರ ಕಳುಹಿಸಲು ಅವನು ತನ್ನ ಮಿಂಚಂಚೆಯನ್ನೇ ಬಳಸಿದ್ದ, ಮೊದಲನೆಯದು 2019ರ ಜುಲೈ 8ರದ್ದು, ಕೊನೆಯದು 2021ರ ಸೆಪ್ಟೆಂಬರ್ 11ರದ್ದು. ಸಂಬಳದ ಹಣದಲ್ಲಿ ತಿಂಗಳಿಗೊಮ್ಮೆ ಬ್ಯಾಂಕಿಗೆ ನಗದು ಕಟ್ಟಿದ್ದು ಪಾಸ್‌ಬುಕ್‌ನಲ್ಲಿತ್ತು, ದಿನ ಹೆಚ್ಚುಕಡಿಮೆ ಒಂದೇ, ಮೊತ್ತವೂ ಹೆಚ್ಚುಕಡಿಮೆ ಒಂದೇ. 2020ರ ಲಾಕ್‌ಡೌನ್‌ನಲ್ಲಿ ದಿನಸಿ ಸಾಗಾಣಿಕೆಗೆ ಅಂಗಡಿಯ ಹೆಸರಿನಲ್ಲಿ ಮಾಡಿಸಿದ್ದ ಓಡಾಟದ ಪಾಸಿನ ಫೋಟೋ ಫೋನಿನಲ್ಲಿತ್ತು, ಅದರಲ್ಲಿ ಅವನ ಹೆಸರಿತ್ತು. ಇವುಗಳಲ್ಲಿ ಯಾವುದೂ ಒಂಟಿಯಾಗಿ ಏನನ್ನೂ ಸಾಬೀತುಪಡಿಸುವುದಿಲ್ಲ, ಆದರೆ ಮೂರೂ ಒಂದೇ ಅವಧಿಯನ್ನು ತೋರಿಸುತ್ತಿದ್ದವು.

ಒಂದು ಎಚ್ಚರಿಕೆ ಕೊಡಬೇಕು. ಅಂಗಡಿಯ ವ್ಯಾಪಾರದ ಅಂಕಿಗಳು, ಗ್ರಾಹಕರ ಪಟ್ಟಿ, ದರಪಟ್ಟಿಗಳನ್ನು ಸಾಕ್ಷಿಯೆಂದು ಹೊಸ ಕಂಪನಿಗೆ ಕೊಡಬೇಡಿ. ಮಿಂಚಂಚೆಯ ತಾರೀಖು ಮತ್ತು ಶೀರ್ಷಿಕೆ ಕಾಣುವಷ್ಟು ಇಟ್ಟು ಒಳಗಿನ ಅಂಕಿಗಳನ್ನು ಮರೆಮಾಡಿ.

ನಾಲ್ಕನೆಯ ಹೆಜ್ಜೆ: ಸರಿಯಾದ ಪತ್ರವನ್ನು ಕೇಳುವುದು

ಬಹಳ ಮಾಲೀಕರು ಪತ್ರ ಕೊಡದಿರುವುದು ದುರುದ್ದೇಶದಿಂದಲ್ಲ, ಬರೆಯಲು ಬಾರದೆ ಮತ್ತು ಸಹಿ ಹಾಕಿದರೆ ಎಲ್ಲಿ ಸಿಕ್ಕಿಕೊಳ್ಳುತ್ತೇವೋ ಎಂಬ ಅಳುಕಿನಿಂದ. ಕರಡನ್ನು ನೀವೇ ಬರೆದುಕೊಂಡು ಹೋಗಿ, ವ್ಯಾಪಾರ ಕಡಿಮೆ ಇರುವ ಮಧ್ಯಾಹ್ನ ಕೂತು ಓದಿಹೇಳಿ. ಕರಡು ಇಷ್ಟು ಸರಳವಾಗಿರಲಿ:

"ಇವರು ನಮ್ಮ ಅಂಗಡಿಯಲ್ಲಿ 10-06-2019ರಿಂದ 18-09-2021ರವರೆಗೆ ಲೆಕ್ಕ ಬರೆಯುವ ಕೆಲಸದಲ್ಲಿದ್ದರು. ದಿನದ ಖರೀದಿ ಮತ್ತು ಮಾರಾಟದ ನಮೂದು, ಬಾಕಿ ವಸೂಲಿಯ ಪಟ್ಟಿ, ಜಿಎಸ್‌ಟಿ ವಿವರಗಳ ಸಿದ್ಧತೆ ಇವರ ಜವಾಬ್ದಾರಿಯಾಗಿತ್ತು. ಸಂಬಳವನ್ನು ನಗದಾಗಿ ಕೊಡಲಾಗಿದೆ. ನಮ್ಮ ಅಂಗಡಿಯಲ್ಲಿ ಆರು ಜನ ನೌಕರರಿದ್ದು ಪಿಎಫ್ ಅನ್ವಯಿಸುವುದಿಲ್ಲ. ಇವರ ಕೋರಿಕೆಯ ಮೇರೆಗೆ ಈ ದಿನ ಈ ಪತ್ರವನ್ನು ನೀಡಲಾಗಿದೆ."

ಕೊನೆಯ ವಾಕ್ಯ ಮುಖ್ಯ. ಪತ್ರದ ಮೇಲೆ ಅದನ್ನು ಬರೆದ ದಿನದ ತಾರೀಖೇ ಇರಬೇಕು. ಒಳಗಿನ ವಿಷಯವೆಲ್ಲ ನಿಜವಿದ್ದೂ ಹಿಂದಿನ ತಾರೀಖು ಹಾಕಿಸಿದರೆ ನಿಜವಾದ ಪತ್ರವೇ ಸಂಶಯಕ್ಕೆ ಒಳಗಾಗುತ್ತದೆ. ಕೆಲಸ ಬಿಟ್ಟು ಎರಡು ವರ್ಷದ ನಂತರ ಪಡೆದ ಪತ್ರದಲ್ಲಿ ಅವಮಾನವೇನೂ ಇಲ್ಲ. ಸಹಿ ಮಾಡಿದವರ ಹೆಸರು, ಅಂಗಡಿಯಲ್ಲಿ ಅವರ ಸ್ಥಾನ ಮತ್ತು ದೂರವಾಣಿ ಸಂಖ್ಯೆ ಕಾಣಲಿ. ಪತ್ರದ ಒಂದು ಪ್ರತಿಯನ್ನು ಅಂಗಡಿಯಲ್ಲೇ ಇಟ್ಟು, ಫೋನ್ ಎತ್ತುವ ಗುಮಾಸ್ತರಿಗೂ ತಿಳಿಸಿ. ಏನನ್ನೂ ಹೇಳಿಕೊಡಬೇಡಿ, ಹೀಗೊಂದು ಕರೆ ಬರಬಹುದೆಂದಷ್ಟೇ ಹೇಳಿ.

ಮಾಲೀಕರು ಒಪ್ಪದಿದ್ದರೆ ಮೊದಲು ಲಿಖಿತ ಕೋರಿಕೆಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ 6ಎ ಕಲಂ ಪ್ರಕಾರ ಕೆಲಸಕ್ಕೆ ತೆಗೆದುಕೊಂಡ ಮೂವತ್ತು ದಿನಗಳೊಳಗೆ ಲಿಖಿತ ನೇಮಕಾತಿ ಆದೇಶ ಕೊಡಬೇಕಿತ್ತು, ಅದನ್ನು ಕೋರಿಕೆಯಲ್ಲಿ ವಿನಯದಿಂದ ನೆನಪಿಸಬಹುದು. ಅದಕ್ಕೂ ಉತ್ತರವಿಲ್ಲದಿದ್ದರೆ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿಗೆ ದೂರು ಕೊಡುವ ದಾರಿಯಿದೆ. ಅಂಗಡಿಯೇ ಮುಚ್ಚಿಹೋಗಿದ್ದರೆ ಜೊತೆಗೆ ಕೆಲಸ ಮಾಡಿದವರ ಅಥವಾ ಲೆಕ್ಕಪರಿಶೋಧಕರ ಹೆಸರನ್ನು, ಅವರ ಒಪ್ಪಿಗೆ ಪಡೆದು, ವಿಚಾರಿಸಬಹುದಾದವರೆಂದು ಕೊಡಿ. ನೋಟರಿ ಮುಂದೆ ಮಾಡಿದ ಪ್ರಮಾಣಪತ್ರವೂ ಚಲಾವಣೆಯಲ್ಲಿದೆ, ಆದರೆ ಅದು ನಿಮ್ಮ ಮಾತನ್ನು ನೀವೇ ಹೇಳಿಕೊಂಡದ್ದು. ಬೇರೆ ಜಾಡುಗಳ ಜೊತೆಗೆ ಮಾತ್ರ ಅದಕ್ಕೆ ತೂಕ.

ಈಗಾಗಲೇ ಸುಳ್ಳು ಪತ್ರ ಕೊಟ್ಟಿದ್ದರೆ

ಪರಿಶೀಲನೆ ಇನ್ನೂ ಮುಗಿದಿಲ್ಲವಾದರೆ ಅದನ್ನು ನೀವೇ ಹಿಂತೆಗೆದುಕೊಳ್ಳುವುದು ಮೇಲು. "ನಾನು ಕೊಟ್ಟ ಪತ್ರದಲ್ಲಿ ಸೇರಿದ ದಿನ ತಪ್ಪಾಗಿದೆ, ಸರಿಯಾದ ದಿನ ಇದು, ದಾಖಲೆಗಳು ಇವು, ಅರ್ಹತೆಯನ್ನು ಇದರ ಮೇಲೆ ನಿರ್ಧರಿಸಬೇಕೆಂದು ಕೋರುತ್ತೇನೆ" ಎಂದು ಲಿಖಿತವಾಗಿ ತಿಳಿಸಿ. ಕೆಲಸ ತಪ್ಪಬಹುದು. ಆದರೆ ಸೇರುವ ಮೊದಲು ತಪ್ಪಿದ ಕೆಲಸ ನಿಮ್ಮ ಪಿಎಫ್ ದಾಖಲೆಯಲ್ಲಿ ಮೂರು ತಿಂಗಳ ಕಲೆಯಾಗಿ ಉಳಿಯುವುದಿಲ್ಲ. ಈಗಾಗಲೇ ಸೇರಿ ಸಂಬಳ ಪಡೆಯುತ್ತಿರುವವರು ಅಥವಾ ಸರ್ಕಾರಿ ನೇಮಕಾತಿಯಲ್ಲಿರುವವರು ಏನನ್ನಾದರೂ ಬರೆದುಕೊಡುವ ಮುಂಚೆ ವಕೀಲರನ್ನು ಕಾಣಬೇಕು. ಶುಲ್ಕ ಕೊಡಲಾಗದವರು ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಬಹುದು.

ಆ ಹುಡುಗ ಮುಂದಿನ ಅರ್ಜಿಯನ್ನು ಮೂರು ವರ್ಷ ಅನುಭವ ಕೇಳಿದ ಕೆಲಸಕ್ಕೆ ಹಾಕಿದ. 2023ರ ಮೂರು ತಿಂಗಳ ಎದುರು, ಬಿಟ್ಟ ಕಾರಣದ ಅಂಕಣದಲ್ಲಿ, ನಾವಿಬ್ಬರೂ ಒಂದು ಸಂಜೆ ಕೂತು ತಿದ್ದಿ ತಿದ್ದಿ ಬರೆದ ವಾಕ್ಯ ಹೀಗಿತ್ತು: "ಮೊದಲ ಕೆಲಸದ ಅವಧಿಯನ್ನು ಎಂಟು ತಿಂಗಳು ಹೆಚ್ಚಿಗೆ ತೋರಿಸಿದ್ದೆ. ಪರಿಶೀಲನೆಯಲ್ಲಿ ತಿಳಿದು ನನ್ನನ್ನು ಸೇವೆಯಿಂದ ತೆಗೆಯಲಾಯಿತು. ಸರಿಯಾದ ಅವಧಿಯ ಪತ್ರ ಮತ್ತು ಪೂರಕ ದಾಖಲೆಗಳನ್ನು ಲಗತ್ತಿಸಿದ್ದೇನೆ." ಎರಡು ಕಡೆ ಆ ವಾಕ್ಯ ಓದಿ ಬೇಡವೆಂದರು. ಮೂರನೆಯ ಕಡೆಯವರು ಅಂಗಡಿಗೆ ಕರೆ ಮಾಡಿದರು. ಫೋನ್ ಎತ್ತಿದವರು ಅದೇ ಹಿರಿಯ ಗುಮಾಸ್ತರು; ಕಾಲೇಜು ಮುಗಿಸಿದ ಮೇಲೆ, ಕೊರೋನಾದ ಹಿಂದಿನ ವರ್ಷ, ಜೂನ್‌ನಲ್ಲಿ ಬಂದ ಎಂದು ಹೇಳಿ, ತಮ್ಮ ಮೇಜಿನಲ್ಲಿದ್ದ ಪತ್ರದ ಪ್ರತಿ ತೆಗೆದು ತಾರೀಖನ್ನೂ ಓದಿದರು.